ಮೊದಲು 15, ಕೊನೆಗೆ 9

ಒಂದು ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡುತ್ತಿದೆ ಎಂದುಕೊಳ್ಳಿ. ಹತ್ತಾರು ಜನ ಬಿಲ್ ಹಾಕುತ್ತಿದ್ದಾರೆ. ಅಷ್ಟರಲ್ಲಿ ಯಾರೋ ಕೇಳಿದ ವಾರ್ಷಿಕ ವರದಿ ಮುಗಿಯದೆ ಸಿಕ್ಕಿಹಾಕಿಕೊಂಡಿದೆ. ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಬೇರೆಯೇ ಪ್ರೋಸೆಸ್ ಇಟ್ಟಿರುತ್ತದೆ. ವರದಿಯದು 4312 ಎಂದಿಟ್ಟುಕೊಂಡರೆ, ಅದನ್ನು ನಿಲ್ಲಿಸಲು ಎರಡು ದಾರಿಗಳಿವೆ:

```
kill 4312
kill -9 4312
```

ಮೊದಲನೆಯದು 15ನೇ ಸಿಗ್ನಲ್, `SIGTERM`. ಹೆಸರು `kill` ಎಂದಿದ್ದರೂ ಇದು ಕೊಲ್ಲುವುದಿಲ್ಲ, ‘ಕೆಲಸ ಮುಗಿಸಿ ಹೊರಡು’ ಎಂದು ಕೇಳುತ್ತದೆ. ಈ ಮಾತು ಬಂದಾಗ ಏನು ಮಾಡಬೇಕೆಂದು ಪ್ರೋಗ್ರಾಂ ಬರೆದವರು ಮೊದಲೇ ನಿರ್ಧರಿಸಿರಬಹುದು. ಪೋಸ್ಟ್‌ಗ್ರೆಸ್‌ನ ಆ ಪ್ರೋಸೆಸ್ ಅರ್ಧಕ್ಕೆ ನಿಂತ ವ್ಯವಹಾರವನ್ನು ರದ್ದುಮಾಡಿ, ಹಿಡಿದಿದ್ದ ಲಾಕ್‌ಗಳನ್ನು ಬಿಟ್ಟು ಹೊರಡುತ್ತದೆ. ಬಿಲ್ ಹಾಕುತ್ತಿದ್ದವರಿಗೆ ಏನೂ ಆಗುವುದಿಲ್ಲ.

ಎರಡನೆಯದು 9ನೇ ಸಿಗ್ನಲ್, `SIGKILL`. ಇದು ಪ್ರೋಗ್ರಾಂನ ಕಿವಿಗೆ ಬೀಳುವುದೇ ಇಲ್ಲ. ಇದನ್ನು ತಡೆಯಲಾಗಲಿ ಕಡೆಗಣಿಸಲಾಗಲಿ ಯಾವ ಪ್ರೋಗ್ರಾಂಗೂ ಸಾಧ್ಯವಿಲ್ಲ. ಕರ್ನಲ್ ನೇರವಾಗಿ ಅದನ್ನು ಮುಗಿಸಿ, ಅದರ ಸ್ವಂತ ಮೆಮೊರಿಯನ್ನು ವಾಪಸ್ ಪಡೆದು, ತೆರೆದ ಫೈಲುಗಳನ್ನು ಮುಚ್ಚುತ್ತದೆ. ಆದರೆ ಪೋಸ್ಟ್‌ಗ್ರೆಸ್‌ನ ಪ್ರೋಸೆಸ್‌ಗಳೆಲ್ಲ ಒಂದೇ ಹಂಚಿಕೆಯ ಮೆಮೊರಿಯನ್ನೂ ಬಳಸುತ್ತವೆ. ಸತ್ತ ಪ್ರೋಸೆಸ್ ಅಲ್ಲಿ ಏನನ್ನು ಅರ್ಧ ಬದಲಿಸಿ ಹೋಯಿತೋ ತಿಳಿಯದು. ಹಾಗಾಗಿ ಮುಖ್ಯ ಪ್ರೋಸೆಸ್ ಉಳಿದೆಲ್ಲ ಸಂಪರ್ಕಗಳನ್ನೂ ಕಡಿದುಹಾಕಿ, ದಾಖಲೆಯ ಲಾಗ್ ಓದಿ ಡೇಟಾಬೇಸನ್ನು ಸರಿಪಡಿಸಿಕೊಳ್ಳಲು ತೊಡಗುತ್ತದೆ. ಖಾಯಂ ಆಗಿದ್ದ ಬಿಲ್‌ಗಳು ಉಳಿಯುತ್ತವೆ. ಅರ್ಧ ತುಂಬಿಸಿದ್ದವು ಹೋಗುತ್ತವೆ. ಒಂದು ವರದಿಗಾಗಿ ಇಡೀ ಕಚೇರಿಯ ಕೆಲಸ ನಿಲ್ಲುತ್ತದೆ.

ಹಾಗೆಂದು 9 ಬೇಡವೇ ಬೇಡ ಎಂದಲ್ಲ. ಕೆಟ್ಟುಹೋದ ಪ್ರೋಗ್ರಾಂ 15ಕ್ಕೆ ಓಗೊಡದೇ ಇರಬಹುದು. ಅದಕ್ಕೇ ಲಿನಕ್ಸ್‌ನ `systemd` ಒಂದು ಸೇವೆಯನ್ನು ನಿಲ್ಲಿಸುವಾಗ ಮೊದಲು 15 ಕಳಿಸಿ, ಸಾಮಾನ್ಯವಾಗಿ 90 ಸೆಕೆಂಡು ಕಾದು, ಆಮೇಲಷ್ಟೇ 9 ಕಳಿಸುತ್ತದೆ.

ಕೆಲವೊಮ್ಮೆ 9 ಕೂಡ ನಾಟುವುದಿಲ್ಲ. ಆಗ ಪ್ರೋಸೆಸ್‌ನ ಸ್ಥಿತಿ ನೋಡಬೇಕು:

```
ps -o pid,stat,cmd -p 4312
```

`STAT` ಕೆಳಗೆ `D` ಕಂಡರೆ, ಅದು ಡಿಸ್ಕ್ ಅಥವಾ ನೆಟ್‌ವರ್ಕ್ ಸಂಗ್ರಹದ ಉತ್ತರಕ್ಕಾಗಿ ಕರ್ನಲ್‌ನೊಳಗೇ ಕಾಯುತ್ತಿದೆ. ಆ ಕಾಯುವಿಕೆ ಮುಗಿಯುವ ತನಕ ಸಿಗ್ನಲ್ ಬಾಕಿ ಉಳಿಯಬಹುದು. ದೋಷ ಹುಡುಕಬೇಕಾದ್ದು ಆ ಡಿಸ್ಕ್ ಅಥವಾ ನೆಟ್‌ವರ್ಕ್ ಸಂಗ್ರಹದಲ್ಲಿ. `Z` ಇದ್ದರೆ ಅದು ಆಗಲೇ ಸತ್ತಿದೆ, ತಾಯಿ ಪ್ರೋಸೆಸ್ ಇನ್ನೂ ಅದರ ಲೆಕ್ಕ ಚುಕ್ತಾ ಮಾಡಿಲ್ಲ ಅಷ್ಟೆ.

ಆದ್ದರಿಂದ ಪ್ರೋಗ್ರಾಂ ಸಿಕ್ಕಿಕೊಂಡಾಗ ಮೊದಲು ಬರೀ `kill` ಕೊಟ್ಟು ಕಾಯಿರಿ, ಆಮೇಲೆ `STAT` ನೋಡಿ. `-9` ಒತ್ತುವ ಮುನ್ನ, ಅದು ಸತ್ತರೆ ಜೊತೆಗೆ ಇನ್ನೇನು ಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳಿ.