ಬ್ಯಾಂಕಿಗೆ ಬಂದದ್ದೇ ಮಾರಾಟವಲ್ಲ

ನಮ್ಮ ಅತ್ತಿಗೆ ಪುಣೆಯ ಮನೆಯಿಂದಲೇ ಇಳಕಲ್ ಸೀರೆಗಳನ್ನು ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುತ್ತಾರೆ. ತಿಂಗಳ ಲೆಕ್ಕ ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. "ಬ್ಯಾಂಕಿಗೆ ಎಷ್ಟ ಬಂತೋ ಅಷ್ಟ ಮಾರಾಟ ಅಂತ ಬರಕೊಂಡ್ರ ಆತಲ್ಲ?" ಎಂದು ಅವರು ಒಮ್ಮೆ ಕೇಳಿದರು. ಹಾಗೆ ಬರೆದುಕೊಳ್ಳುವವರು ಬಹಳ ಜನ ಇದ್ದಾರೆ. ಅದು ಯಾಕೆ ಆಗದು ಎನ್ನುವುದಕ್ಕೆ ಒಂದೇ ಸೀರೆಯ ಲೆಕ್ಕ ಸಾಕು.

ಸೀರೆಯ ಬೆಲೆ 2,100 ರೂಪಾಯಿ. ಅದರಲ್ಲಿ ಮೌಲ್ಯ 2,000, ಶೇ 5ರ ಜಿಎಸ್‌ಟಿ 100. ಕಮಿಷನ್ 252, ಕೊರಿಯರ್ 80, ನಿಗದಿತ ಶುಲ್ಕ 28 ಎಂದಿಟ್ಟುಕೊಳ್ಳಿ. ಈ ದರಗಳು ಮಾರುಕಟ್ಟೆಗೊಂದು ಥರ ಇರುತ್ತವೆ. ಒಟ್ಟು ಶುಲ್ಕ 360, ಅದರ ಮೇಲೆ ಶೇ 18 ಜಿಎಸ್‌ಟಿ ಎಂದರೆ 64.80. ಜೊತೆಗೆ ಮಾರುಕಟ್ಟೆಯವರು ಶೇ 0.5 ಟಿಸಿಎಸ್, ಶೇ 0.1 ಟಿಡಿಎಸ್ ಹಿಡಿಯುತ್ತಾರೆ. 2,000ಕ್ಕೆ ಅದು 10 ಮತ್ತು 2 ರೂಪಾಯಿ. ಕೊನೆಗೆ ಖಾತೆಗೆ ಬರುವುದು 1,663.20.

ಇದನ್ನೇ ಮಾರಾಟ ಎಂದು ಬರೆದರೆ ಎರಡು ಕಡೆ ಪೆಟ್ಟು. ಮಾರುಕಟ್ಟೆಯವರು ತಮ್ಮ ಜಿಎಸ್‌ಟಿಆರ್-8ರಲ್ಲಿ ನಮ್ಮ ಮಾರಾಟವನ್ನು 2,000 ಎಂದೇ ತೋರಿಸಿರುತ್ತಾರೆ, ನಮ್ಮದು ಕಡಿಮೆ ಇದ್ದರೆ ಇಲಾಖೆಗೆ ಕಾಣುತ್ತದೆ. ಇನ್ನೊಂದು, ಆ 64.80 ನಮಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗಬೇಕಾದ ಹಣ, ಅದು ಪುಸ್ತಕಕ್ಕೇ ಬರುವುದಿಲ್ಲ. ಟಿಸಿಎಸ್‌ನ ಹತ್ತು ರೂಪಾಯಿಯೂ ನಮ್ಮದೇ. ಆದರೆ ಪೋರ್ಟಲ್‌ನಲ್ಲಿ TDS and TCS Credit Received ತೆರೆದು ಒಪ್ಪಿಗೆ ಕೊಟ್ಟರೆ ಮಾತ್ರ ಕ್ಯಾಶ್ ಲೆಡ್ಜರಿಗೆ ಬರುತ್ತದೆ.

ನಿಜವಾದ ಗೋಜಲು ವಾಪಸಾತಿಯದು. ಮಾರ್ಚ್ ಕೊನೆಗೆ ಹೋದ ಸೀರೆ ಏಪ್ರಿಲ್‌ನಲ್ಲಿ ಹಿಂದಕ್ಕೆ ಬಂತು ಅನ್ನಿ. ಏಪ್ರಿಲ್ ಸೆಟಲ್‌ಮೆಂಟ್‌ನಲ್ಲಿ 2,100 ಕಡಿತವಾಗುತ್ತದೆ. ಕಮಿಷನ್, ಅದರ ಜಿಎಸ್‌ಟಿ ಸೇರಿ 297.36 ಹಾಗೂ ಟಿಸಿಎಸ್ 10 ಮರಳಿ ಜಮೆಯಾಗುತ್ತವೆ. ಹೋಗುವ ಕೊರಿಯರ್ ಖರ್ಚು ಮರಳುವುದಿಲ್ಲ, ಬರುವ ಕೊರಿಯರ್‌ಗೆ ಮತ್ತೆ 94.40. ಒಟ್ಟು ಕಡಿತ 1,887.04. ಎರಡೂ ತಿಂಗಳು ಸೇರಿಸಿದರೆ 223.84 ಕೈಬಿಟ್ಟಿತು. ಅದರಲ್ಲಿ ಜಿಎಸ್‌ಟಿ 33.84, ಟಿಡಿಎಸ್ 2 ಕಳೆದರೆ ನಿಜವಾದ ನಷ್ಟ 188 ರೂಪಾಯಿ. ಮಾರದ ಸೀರೆಗೆ ಇಷ್ಟು ದಂಡ ಎನ್ನುವುದು ತಿಂಗಳ ಮೊತ್ತ ನೋಡಿದರೆ ಎಂದೂ ತಿಳಿಯುವುದಿಲ್ಲ.

ಆದ್ದರಿಂದ ನಾನು ತಿಂಗಳಿಗೆ ತಿಂಗಳು ಹೊಂದಿಸುವುದಿಲ್ಲ, ಆರ್ಡರ್ ಐಟಂ ಸಂಖ್ಯೆಗೆ ಹೊಂದಿಸುತ್ತೇನೆ. ಆರ್ಡರ್ ಸಂಖ್ಯೆಯೂ ಸಾಲದು, ಒಂದೇ ಆರ್ಡರ್‌ನಲ್ಲಿ ಎರಡು ಸೀರೆ ತರಿಸಿ ಒಂದನ್ನು ಮರಳಿಸುವವರಿದ್ದಾರೆ. ಇನ್‌ವಾಯ್ಸ್ ಪಟ್ಟಿ, ಸೆಟಲ್‌ಮೆಂಟ್ ವರದಿ, ಅತ್ತಿಗೆಯ ನೋಟ್‌ಬುಕ್ ಮೂರನ್ನೂ ಈ ಸಂಖ್ಯೆಯಿಂದಲೇ ಜೋಡಿಸಬೇಕು. ನೋಟ್‌ಬುಕ್ ಅಂದರೆ ವಾಪಸ್ ಬಂದ ಪಾರ್ಸೆಲ್‌ಗಳನ್ನು ಬಿಚ್ಚಿ ನೋಡಿ ಬರೆದದ್ದು.

ಇಲ್ಲಿ ಎಕ್ಸೆಲ್‌ನ ಒಂದು ಕಾಟವಿದೆ. ಕೆಲವು ಮಾರುಕಟ್ಟೆಗಳ ಐಟಂ ಸಂಖ್ಯೆ ಹದಿನೈದು ಅಂಕಿಗಿಂತ ಉದ್ದ. ಸಿಎಸ್‌ವಿ ಫೈಲನ್ನು ನೇರ ತೆರೆದರೆ ಎಕ್ಸೆಲ್ ಹದಿನೈದರ ಆಚೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. Data ಮೆನುವಿನ From Text/CSV ಮೂಲಕ ತಂದು ಆ ಕಾಲಂ ಅನ್ನು Text ಎಂದು ಇಡಬೇಕು. ಅಷ್ಟಾದರೂ SUMIFS ಅಂಥ ಪಠ್ಯವನ್ನು ಅಂಕಿಯೆಂದೇ ಓದಿ, ಮೊದಲ ಹದಿನೈದು ಅಂಕಿ ಹೊಂದಿದರೆ ಬೇರೆ ಬೇರೆ ಐಟಂಗಳನ್ನು ಒಂದೇ ಎಂದು ಕೂಡಿಸುತ್ತದೆ. ಮುಂದೆ ಒಂದು ಅಕ್ಷರ ಅಂಟಿಸಿದರೆ ಈ ತೊಂದರೆ ಇಲ್ಲ:

```
="K"&A2
```

ಮೂರೂ ಪಟ್ಟಿ ಕೂಡಿದ ಮೇಲೆ ನೋಡುವುದು ಒಂದೇ: ಯಾವ ಸಾಲು ಅರ್ಧಕ್ಕೇ ನಿಂತಿದೆ? ಇನ್‌ವಾಯ್ಸ್ ಇದ್ದು ಹಣವಿಲ್ಲದಿದ್ದರೆ ಬಹುಶಃ ಮುಂದಿನ ಸೆಟಲ್‌ಮೆಂಟ್‌ಗೆ ಬರುತ್ತದೆ, ಗುರುತು ಹಾಕಿ ಬಿಡುತ್ತೇನೆ. ಹಣ ಕಡಿತವಾಗಿ ಕ್ರೆಡಿಟ್ ನೋಟ್ ಇಲ್ಲದಿದ್ದರೆ ಬಾರದ ಮಾರಾಟಕ್ಕೆ ನಾವು ಜಿಎಸ್‌ಟಿ ಕಟ್ಟುತ್ತಿದ್ದೇವೆ ಎಂದರ್ಥ. ಇವೆರಡಕ್ಕಿಂತ ತುರ್ತಿನದು ಮೂರನೆಯದು. ಹಣ ಕಡಿತವಾಗಿದೆ, ನೋಟ್‌ಬುಕ್‌ನಲ್ಲಿ ಸೀರೆ ಇಲ್ಲ. ಪಾರ್ಸೆಲ್ ದಾರಿಯಲ್ಲಿ ಕಳೆದಿರಬಹುದು, ಅಥವಾ ಸೀರೆಯ ಬದಲು ಹಳೆ ಬಟ್ಟೆ ಬಂದಿರಬಹುದು. ಇದಕ್ಕೆ ಪರಿಹಾರ ಕೇಳಲು ಮಾರುಕಟ್ಟೆಯವರು ಕೊಡುವುದು ಕೆಲವೇ ದಿನ. ಹಾಗಾಗಿ ಈ ಒಂದು ಪಟ್ಟಿಯನ್ನು ತಿಂಗಳ ಕೊನೆವರೆಗೆ ಕಾಯದೆ ಪ್ರತಿ ಶನಿವಾರ ತೆಗೆಯುತ್ತೇವೆ. ಪಾರ್ಸೆಲ್ ಬಿಚ್ಚುವಾಗ ಅತ್ತಿಗೆ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾರೆ, ಲೇಬಲ್ ಮೇಲಿನ ಸಂಖ್ಯೆ ಕಾಣುವ ಹಾಗೆ.