ಒಂದು ಭಂಗಿ, ಎರಡು ಫ್ರೇಮ್: ಕಂಪ್ಯೂಟರ್ ಗೊಂಬೆಗೆ ಕೈಕೆಲಸದ ನಡೆ

2018ರಲ್ಲಿ ಬಂದ ‘ಸ್ಪೈಡರ್-ಮ್ಯಾನ್: ಇನ್‌ಟು ದಿ ಸ್ಪೈಡರ್-ವರ್ಸ್’ ಚಿತ್ರದಲ್ಲಿ ಕಾಡಿನ ದೃಶ್ಯವೊಂದಿದೆ. ಹೊಸಬ ಮೈಲ್ಸ್ ಮತ್ತು ಪಳಗಿದ ಪೀಟರ್ ಪಾರ್ಕರ್ ಇಬ್ಬರೂ ಬಲೆಯ ಎಳೆ ಹಿಡಿದು ಮರದಿಂದ ಮರಕ್ಕೆ ಜೀಕುತ್ತಾರೆ. ಪೀಟರ್ ಸರಾಗವಾಗಿ ಸಾಗುತ್ತಾನೆ, ಮೈಲ್ಸ್ ತಡವರಿಸುತ್ತಾನೆ. ಆ ತಡವರಿಕೆ ನಟನೆಯಲ್ಲಿ ಮಾತ್ರ ಇಲ್ಲ, ಲೆಕ್ಕದಲ್ಲೂ ಇದೆ. ಪೀಟರ್‌ನ ಭಂಗಿ ಸೆಕೆಂಡಿಗೆ 24 ಸಲ ಬದಲಾದರೆ, ಮೈಲ್ಸ್‌ನದು 12 ಸಲ ಮಾತ್ರ. ಹುಡುಗನಿಗೆ ವಿದ್ಯೆ ಕೈಹತ್ತಿದ ಮೇಲೆ ಅವನ ಚಲನೆಯೂ 24ಕ್ಕೆ ಏರುತ್ತದೆ.

ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್‌ನಂತೆ. ಪ್ರತಿ ಫ್ರೇಮಿಗೂ ಹೊಸ ಭಂಗಿ ಕೊಟ್ಟರೆ ಅನಿಮೇಟರುಗಳು ಅದನ್ನು ‘ಆನ್ ಒನ್ಸ್’ ಎನ್ನುತ್ತಾರೆ. ಒಂದೇ ಭಂಗಿಯನ್ನು ಎರಡು ಫ್ರೇಮ್ ನಿಲ್ಲಿಸಿ ಮುಂದೆ ಹೋದರೆ ‘ಆನ್ ಟೂಸ್’. ಕೈಯಲ್ಲಿ ಚಿತ್ರ ಬರೆಯುವವರೂ ಗೊಂಬೆ ಆಡಿಸುವವರೂ ಮೊದಲು ಇದಕ್ಕೆ ಮೊರೆಹೋದದ್ದು ದುಡಿಮೆ ಉಳಿಸಲು. ಒಂದು ನಿಮಿಷದ ಚಿತ್ರಕ್ಕೆ 1,440 ಸಲ ಗೊಂಬೆಯನ್ನು ಮುಟ್ಟುವ ಬದಲು 720 ಸಲ ಮುಟ್ಟಿದರೆ ಸಾಕು. ವೆಸ್ ಆ್ಯಂಡರ್ಸನ್ ಅವರ ‘ಫೆಂಟಾಸ್ಟಿಕ್ ಮಿಸ್ಟರ್ ಫಾಕ್ಸ್’ (2009) ಹೀಗೆ ಆನ್ ಟೂಸ್‌ನಲ್ಲಿ ತಯಾರಾದ ಸ್ಟಾಪ್ ಮೋಷನ್ ಚಿತ್ರ. ಅದರ ನರಿಗಳ ನಡೆಯಲ್ಲಿ ಕಾಣುವ ಚುರುಕು, ಸಣ್ಣ ಕುಲುಕು ಎರಡಕ್ಕೂ ಇದೇ ಮೂಲ. ಕಂಪ್ಯೂಟರಿನ ತ್ರೀಡಿ ಪಾತ್ರಕ್ಕೆ ಈ ಉಳಿತಾಯ ಬೇಕಿಲ್ಲ. ಬೇಕಾಗಿರುವುದು ಆ ಉಳಿತಾಯದಿಂದ ಹುಟ್ಟಿದ ನೋಟ.

ಕಂಪ್ಯೂಟರಿನ ಸಹಜ ಸ್ವಭಾವ ಇದಕ್ಕೆ ವಿರುದ್ಧ. ಅನಿಮೇಟರ್ 1ನೇ ಫ್ರೇಮಿನಲ್ಲಿ ಕೈ ಕೆಳಗೆ, 13ನೇ ಫ್ರೇಮಿನಲ್ಲಿ ಕೈ ಮೇಲೆ ಎಂದು ಎರಡು ಕೀಫ್ರೇಮ್ ಇಟ್ಟರೆ ನಡುವಿನ ಹನ್ನೊಂದು ಭಂಗಿಗಳನ್ನು ಯಂತ್ರವೇ ತುಂಬುತ್ತದೆ. ಇದೇ ಇಂಟರ್‌ಪೊಲೇಷನ್. ಸಾಮಾನ್ಯವಾಗಿ ಅದು ನುಣುಪಾದ ಬಾಗುಗೆರೆಯಾಗಿರುತ್ತದೆ: ನಿಧಾನಕ್ಕೆ ಹೊರಟು, ವೇಗ ಪಡೆದು, ಮತ್ತೆ ನಿಧಾನವಾಗಿ ನಿಲ್ಲುತ್ತದೆ. ಸ್ಟೆಪ್ಡ್ ಇಂಟರ್‌ಪೊಲೇಷನ್‌ನಲ್ಲಿ ಆ ಗೆರೆ ಮೆಟ್ಟಿಲಿನಂತಾಗುತ್ತದೆ. ಒಂದು ಬೆಲೆ ಅಲುಗದೆ ನಿಂತು, ಸಮಯ ಬಂದಾಗ ಒಮ್ಮೆಗೇ ಮುಂದಿನ ಬೆಲೆಗೆ ಹಾರುತ್ತದೆ.

ಉಚಿತವಾಗಿ ಸಿಗುವ ಬ್ಲೆಂಡರ್ ತಂತ್ರಾಂಶದಲ್ಲಿ ಇದನ್ನು ಎರಡು ರೀತಿಯಲ್ಲಿ ಮಾಡಬಹುದು. ಮೊದಲನೆಯದು ಕೀಫ್ರೇಮ್‌ಗಳನ್ನು ಆರಿಸಿ `T` ಒತ್ತಿ `Constant` ಆಯ್ದುಕೊಳ್ಳುವುದು. ಆಗ ಯಂತ್ರ ನಡುವೆ ಏನನ್ನೂ ತುಂಬುವುದಿಲ್ಲ, ಬೇಕಾದ ಭಂಗಿಯನ್ನೆಲ್ಲ ಮನುಷ್ಯನೇ ಇಡಬೇಕು. ಎರಡನೆಯದು ಸುಲಭದ ದಾರಿ. ಎಂದಿನಂತೆ ನುಣುಪಾದ ಅನಿಮೇಷನ್ ಮುಗಿಸಿ, ಗ್ರಾಫ್ ಎಡಿಟರಿನಲ್ಲಿ `Stepped Interpolation` ಎಂಬ ಮಾಡಿಫೈಯರ್ ಹಾಕಿ, `Step Size` 2 ಎಂದು ಕೊಟ್ಟರಾಯಿತು. ಯಂತ್ರ ಎರಡೆರಡು ಫ್ರೇಮಿಗೊಮ್ಮೆ ಮಾತ್ರ ಗೆರೆಯನ್ನು ಓದಿ, ನಡುವಿನದನ್ನು ಬಿಟ್ಟುಬಿಡುತ್ತದೆ.

ಈ ಸುಲಭದ ದಾರಿ ಹಿಡಿದ ಕೆಲಸ ಬಹಳ ಸಲ ಸ್ಟಾಪ್ ಮೋಷನ್ ಅನಿಸುವುದೇ ಇಲ್ಲ. ಇಂಟರ್ನೆಟ್ ನಿಧಾನವಾಗಿ ವಿಡಿಯೊ ತೊದಲುತ್ತಿದೆ ಅನಿಸುತ್ತದೆ. ಎರಡರಲ್ಲೂ ಸೆಕೆಂಡಿಗೆ 12 ಭಂಗಿಗಳೇ ಇದ್ದರೂ ಹೀಗೇಕೆ? ಒಂದು ಶಾಟ್ ತೆಗೆದುಕೊಂಡು ನೋಡೋಣ.

ಮಣ್ಣಿನ ಗೊಂಬೆಯಂಥ ಪಾತ್ರವೊಂದು ಸುತ್ತಿಗೆಯಿಂದ ಮೊಳೆ ಹೊಡೆಯಬೇಕು ಎಂದುಕೊಳ್ಳಿ. ನುಣುಪು ಅನಿಮೇಷನ್‌ನಲ್ಲಿ 1ನೇ ಫ್ರೇಮಿಗೆ ಸುತ್ತಿಗೆ ಏಳಲು ಶುರು, 13ಕ್ಕೆ ತಲೆಯ ಮೇಲೆ, 18ರವರೆಗೆ ಅಲ್ಲೇ, 22ಕ್ಕೆ ಮೊಳೆಯ ಮೇಲೆ ಏಟು. ಚೆನ್ನಾಗಿಯೇ ಇದೆ. ಈಗ ಎರಡರ ಮೆಟ್ಟಿಲು ಹಾಕಿ, 1ರಿಂದ ಎಣಿಸಿದರೆ ಪರದೆಗೆ ಬರುವುದು 1, 3, 5 ಹೀಗೆ ಬೆಸ ಫ್ರೇಮಿನ ಭಂಗಿಗಳು. 21ರಲ್ಲಿ ಸುತ್ತಿಗೆ ಮೊಳೆಗಿಂತ ತುಸು ಮೇಲಿದೆ. 23ರಲ್ಲಿ ಏಟು ಮುಗಿದು ಆಗಲೇ ಹಿಂದಕ್ಕೆ ಪುಟಿದಿದೆ. ಏಟು ಬಿದ್ದ 22 ಕಾಣಿಸಲೇ ಇಲ್ಲ! ಸದ್ದು ಕೇಳುತ್ತದೆ, ಹೊಡೆತ ಕಾಣುವುದಿಲ್ಲ. ನೋಡುವವರಿಗೆ ಏನೋ ಕೊರತೆ ಅನಿಸುತ್ತದೆ, ಅದೇನೆಂದು ಹೇಳಲು ಬರುವುದಿಲ್ಲ.

ಮಾಡಿಫೈಯರಿನಲ್ಲಿರುವ `Offset` ಎಂಬ ಅಂಕಿಯೂ ಇಲ್ಲೇ ಕಾಡುವುದು. ಅದು 0 ಇದ್ದರೆ ಯಂತ್ರ ಸಮ ಫ್ರೇಮ್‌ಗಳನ್ನು ಹಿಡಿದು ನಿಲ್ಲಿಸುತ್ತದೆ, 1 ಕೊಟ್ಟರೆ ಬೆಸ ಫ್ರೇಮ್‌ಗಳನ್ನು. ಇದನ್ನು ಗಮನಿಸದೆ ಬೆಸ ಫ್ರೇಮ್‌ಗಳಲ್ಲಿ ಕೀಫ್ರೇಮ್ ಇಡುತ್ತ ಹೋದರೆ, ಅನಿಮೇಟರ್ ಕಷ್ಟಪಟ್ಟು ತಿದ್ದಿದ ಭಂಗಿಗಳೇ ತೆರೆಯಿಂದ ಮಾಯವಾಗುತ್ತವೆ. ಅಪ್ಪಿತಪ್ಪಿ ನಡುವೆ ಬಿದ್ದ, ಯಾರೂ ಆರಿಸದ ಭಂಗಿಗಳು ಎರಡೆರಡು ಫ್ರೇಮ್ ನಿಂತುಬಿಡುತ್ತವೆ.

ಸ್ಟಾಪ್ ಮೋಷನ್ ಕಲಾವಿದನ ಕೆಲಸದಲ್ಲಿ ಹಾಗೆ ಆಗಲು ಸಾಧ್ಯವೇ ಇಲ್ಲ. ಕ್ಯಾಮೆರಾದ ಮುಂದೆ ನಿಂತ ಒಂದೊಂದು ಭಂಗಿಯನ್ನೂ ಅವನ ಬೆರಳು ಇಟ್ಟಿರುತ್ತದೆ. ಹಾಗಾಗಿ ಮೊಳೆ ಹೊಡೆಯುವ ಶಾಟನ್ನು ಅವನ ಲೆಕ್ಕದಲ್ಲಿ ತಿದ್ದಬೇಕು. ಏಟಿನ ಭಂಗಿಯನ್ನು 22ರಿಂದ 21ಕ್ಕೆ ತನ್ನಿ. ಅದನ್ನು ಎರಡರ ಬದಲು ನಾಲ್ಕು ಫ್ರೇಮ್ ನಿಲ್ಲಿಸಿ, ಕಣ್ಣಿಗೆ ಹೊಡೆತ ನಾಟಲಿ. ಸುತ್ತಿಗೆ ಇಳಿಯುವ 19 ಮತ್ತು 20ನ್ನು ಮಾತ್ರ ಆನ್ ಒನ್ಸ್ ಮಾಡಿ. ತೀರ ವೇಗದ ಚಲನೆಗೆ ಎರಡರ ಅಂತರದಲ್ಲಿ ಭಂಗಿಗಳು ದೂರದೂರ ಬಿದ್ದು, ಸುತ್ತಿಗೆ ಒಂದೆಡೆ ಮಾಯವಾಗಿ ಇನ್ನೊಂದೆಡೆ ಮೂಡಿದಂತೆ ಕಾಣುತ್ತದೆ. ಗೊಂಬೆ ಆಡಿಸುವವರೂ ಇಂಥ ಕಡೆ ಒನ್ಸ್‌ಗೆ ಹೋಗುತ್ತಾರೆ.

ಇನ್ನು ಶಾಟಿನ ಕೊನೆ. ನುಣುಪು ಗೆರೆ ನಿಲ್ಲುವ ಮುಂಚೆ ಐದಾರು ಫ್ರೇಮ್ ಕೂದಲೆಳೆಯಷ್ಟೇ ಚಲಿಸುತ್ತಿರುತ್ತದೆ. 24ರಲ್ಲಿ ಅದು ಮೃದುವಾಗಿ ತಂಗಿದಂತೆ ಕಂಡರೆ, 12ರಲ್ಲಿ ಗೊಂಬೆಗೆ ನಡುಕ ಬಂದಂತೆ ಕಾಣುತ್ತದೆ. ಆ ಬಾಲವನ್ನು ಕತ್ತರಿಸಿ, ಸ್ಪಷ್ಟವಾದ ಒಂದೇ ಒಂದು ಸಣ್ಣ ಹೆಜ್ಜೆಯಲ್ಲಿ ನಿಲ್ಲಿಸುವುದು ಮೇಲು.

ಇಲ್ಲಿಯವರೆಗೆ ಕ್ಯಾಮೆರಾ ಅಲುಗಿಲ್ಲ. ಅದು ಚಲಿಸತೊಡಗಿದೊಡನೆ ಹೊಸ ತೊಡಕು ಹುಟ್ಟುತ್ತದೆ. ಪಾತ್ರ ಪಕ್ಕಕ್ಕೆ ಓಡುತ್ತಿದೆ, ಕ್ಯಾಮೆರಾ ಅದರ ಜೊತೆಗೇ ಓಡುತ್ತಿದೆ, ಎರಡರದೂ ಫ್ರೇಮಿಗೆ 10 ಸೆಂಟಿಮೀಟರ್ ವೇಗ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಆನ್ ಒನ್ಸ್, ಪಾತ್ರ ಆನ್ ಟೂಸ್. ಮೊದಲ ಫ್ರೇಮಿನಲ್ಲಿ ಇಬ್ಬರೂ ಸೊನ್ನೆಯಲ್ಲಿ. ಎರಡನೆಯದರಲ್ಲಿ ಕ್ಯಾಮೆರಾ 10ರಲ್ಲಿ, ಪಾತ್ರ ಇನ್ನೂ ಸೊನ್ನೆಯಲ್ಲೇ. ಮೂರನೆಯದರಲ್ಲಿ ಇಬ್ಬರೂ 20ರಲ್ಲಿ. ಅಂದರೆ ತೆರೆಯ ನಡುವೆ ಇರಬೇಕಾದ ಪಾತ್ರ ಸೆಕೆಂಡಿಗೆ 12 ಸಲ 10 ಸೆಂಟಿಮೀಟರ್ ಹಿಂದೆ ಸರಿದು ಮತ್ತೆ ಮುಂದೆ ಚಿಮ್ಮುತ್ತದೆ. ಓಟದ ಬದಲು ಕಣ್ಣಿಗೆ ಕಾಣುವುದು ಅದುರಾಟ.

ಇದಕ್ಕೆ ಮದ್ದು ಪಾತ್ರವನ್ನು ಎರಡು ಭಾಗ ಮಾಡುವುದು. ದೇಹ ಇಡಿಯಾಗಿ ಸ್ಥಳದಿಂದ ಸ್ಥಳಕ್ಕೆ ಸಾಗುವ ಚಲನೆಯನ್ನು ರೂಟ್ ಎಂಬ ಒಂದೇ ಕಂಟ್ರೋಲಿನಲ್ಲಿ ಇಟ್ಟು ಆನ್ ಒನ್ಸ್ ಬಿಡುತ್ತಾರೆ. ಕೈ, ಕಾಲು, ಬೆನ್ನು, ತಲೆಗಳ ಭಂಗಿ ಮಾತ್ರ ಆನ್ ಟೂಸ್. ಹಾರುವ, ಜೀಕುವ ಪಾತ್ರಕ್ಕೆ ಇದು ಹೇಳಿಮಾಡಿಸಿದ ಉಪಾಯ. ನೆಲದ ಮೇಲೆ ನಡೆಯುವ ಪಾತ್ರಕ್ಕೆ ಮಾತ್ರ ಒಗ್ಗುವುದಿಲ್ಲ. ಭಂಗಿ ನಿಂತಿರುವ ಎರಡನೇ ಫ್ರೇಮಿನಲ್ಲೂ ರೂಟ್ ಮುಂದಕ್ಕೆ ಹೋಗುವುದರಿಂದ ಊರಿದ ಪಾದ ನೆಲದ ಮೇಲೆ ಜಾರುತ್ತದೆ. ಆದ್ದರಿಂದ ಪಾದ ತೆರೆಯಲ್ಲಿ ಕಾಣುತ್ತಿದ್ದರೆ ರೂಟನ್ನೂ ಕ್ಯಾಮೆರಾವನ್ನೂ ಟೂಸ್‌ಗೆ ತರುವುದು, ಇಲ್ಲವೇ ಕ್ಯಾಮೆರಾವನ್ನು ನಿಲ್ಲಿಸಿಬಿಡುವುದು ಲೇಸು. ಸೊಂಟದ ಮೇಲಷ್ಟೇ ಕಾಣುತ್ತಿದ್ದರೆ ರೂಟನ್ನು ಒನ್ಸ್‌ನಲ್ಲೇ ಬಿಡಬಹುದು, ಪಾದ ಜಾರಿದರೂ ಕೇಳುವವರಿಲ್ಲ. ಒಂದೇ ಚಿತ್ರದೊಳಗೆ ಶಾಟಿನಿಂದ ಶಾಟಿಗೆ ಈ ತೀರ್ಮಾನ ಬದಲಾಗಬಹುದು.

ಭಂಗಿ ಸರಿಹೋದ ಮೇಲೂ ಕಂಪ್ಯೂಟರಿನ ಗುಟ್ಟು ರಟ್ಟು ಮಾಡುವುದು ಮೋಷನ್ ಬ್ಲರ್. ನಿಜವಾದ ಕ್ಯಾಮೆರಾ ಓಡುವವನ ಚಿತ್ರ ತೆಗೆದರೆ ಕೈಕಾಲು ಮಸುಕಾಗುತ್ತವೆ. ಸ್ಟಾಪ್ ಮೋಷನ್‌ನಲ್ಲಿ ಗೊಂಬೆ ಅಲುಗದೆ ನಿಂತಾಗಲೇ ಫೋಟೊ ತೆಗೆಯುವುದರಿಂದ ಪ್ರತಿ ಚಿತ್ರವೂ ಚೂಪು. ಒಂದು ಕಾಲಕ್ಕೆ ಇದು ದೋಷವೆನಿಸಿತ್ತು. 1981ರ ‘ಡ್ರ್ಯಾಗನ್‌ಸ್ಲೇಯರ್’ ಚಿತ್ರಕ್ಕೆ ಫಿಲ್ ಟಿಪ್ಪೆಟ್ ಮತ್ತು ಸಂಗಡಿಗರು ಗೊಂಬೆಗೆ ಮೋಟಾರು ಜೋಡಿಸಿ, ಶಟರ್ ತೆರೆದಿರುವಾಗಲೇ ಅದನ್ನು ಅಲುಗಿಸಿ, ಬೇಕೆಂದೇ ಮಸುಕು ಬರಿಸಿದರು. ಆ ವಿಧಾನಕ್ಕೆ ಗೋ ಮೋಷನ್ ಎಂದು ಹೆಸರು. ಇಂದು ತ್ರೀಡಿ ಕಲಾವಿದರು ಯಂತ್ರ ತಾನಾಗಿ ಕೊಡುವ ಆ ಮಸುಕನ್ನೇ ಆರಿಸಿಬಿಡುತ್ತಾರೆ. ಆರಿಸದಿದ್ದರೆ ಭಂಗಿ ಹಾರುವ ಫ್ರೇಮಿನಲ್ಲಿ ಕಲೆಸಿದಂಥ ಮಸುಕು, ನಿಂತ ಫ್ರೇಮಿನಲ್ಲಿ ಚೂಪು, ಹೀಗೆ ಒಂದು ಬಿಟ್ಟು ಒಂದು ಮಿಣುಕುತ್ತದೆ. 2014ರ ‘ದಿ ಲೆಗೊ ಮೂವಿ’ ತನ್ನ ಆಟಿಕೆಗಳಿಗೆ ಮಸುಕನ್ನು ಕೊಡಲಿಲ್ಲ. ವೇಗ ತೋರಿಸಬೇಕಾದಲ್ಲಿ ಲೆಗೊ ತುಂಡುಗಳಿಂದಲೇ ಉದ್ದನೆಯ ಗೆರೆಗಳನ್ನು ಕಟ್ಟಿತು.

ಬಟ್ಟೆ, ಕೂದಲುಗಳ ವಿಷಯದಲ್ಲಿ ಮಾಡುವ ಕ್ರಮ ಮುಖ್ಯ. ಅವುಗಳ ಅಲುಗಾಟವನ್ನು ಭೌತಶಾಸ್ತ್ರದ ಲೆಕ್ಕದಿಂದ ಯಂತ್ರವೇ ಹುಟ್ಟಿಸುತ್ತದೆ. ಮೆಟ್ಟಿಲು ಹಾಕಿದ ಪಾತ್ರಕ್ಕೆ ಆ ಲೆಕ್ಕ ಹೂಡಿದರೆ, ದೇಹ ಒಮ್ಮೆಗೇ ಹಾರಿದಾಗಲೆಲ್ಲ ಬಟ್ಟೆಗೆ ದೊಡ್ಡ ಎಳೆತ ಬಿದ್ದು, ಅಂಗಿ ದೇಹದೊಳಗೆ ತೂರಿಯೋ ಹೊರಗೆ ಚಿಮ್ಮಿಯೋ ಹಾಳಾಗುತ್ತದೆ. ಮೊದಲು ನುಣುಪು ಚಲನೆಯ ಮೇಲೆ ಬಟ್ಟೆಯ ಲೆಕ್ಕ ಮುಗಿಸಿ ಉಳಿಸಿಕೊಳ್ಳಬೇಕು, ಆಮೇಲೆ ದೇಹ ಬಟ್ಟೆ ಎರಡಕ್ಕೂ ಒಂದೇ ಮೆಟ್ಟಿಲು ಹಾಕಬೇಕು.

ತಮಗೆ ಇಷ್ಟವಾದ ಚಿತ್ರದಲ್ಲಿ ಇದನ್ನೆಲ್ಲ ಪರೀಕ್ಷಿಸಲು ತಂತ್ರಾಂಶವೇನೂ ಬೇಕಿಲ್ಲ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ವಿಡಿಯೊ ನಿಲ್ಲಿಸಿ `.` ಒತ್ತಿದರೆ ಒಂದು ಫ್ರೇಮ್ ಮುಂದೆ, `,` ಒತ್ತಿದರೆ ಒಂದು ಫ್ರೇಮ್ ಹಿಂದೆ ಹೋಗುತ್ತದೆ. ಪಾತ್ರದ ಭಂಗಿ ಯಾವಾಗ ಬದಲಾಯಿತು, ಕ್ಯಾಮೆರಾ ಯಾವಾಗ ಸರಿಯಿತು, ಪಾದ ಜಾರಿತೇ ಎಂದು ಎಣಿಸುತ್ತ ಹೋಗಿ. ನಿಂತ ಫ್ರೇಮ್‌ಗಳಲ್ಲಿ ಒಂದೊಂದನ್ನೂ ಗಮನಿಸಿದಾಗ ಅದು ಪೂರ್ಣವಾದ, ಅರ್ಥವಿರುವ ಭಂಗಿಯಾಗಿ ಕಂಡರೆ ಅಲ್ಲಿ ಅನಿಮೇಟರ್ ಕೂತು ಆರಿಸಿದ್ದಾನೆ. ಅರ್ಧಂಬರ್ಧ ಎತ್ತಿದ ಕೈ, ಎಲ್ಲಿಗೂ ಸೇರದ ಕಾಲು ಸಾಲಾಗಿ ಸಿಕ್ಕರೆ ಮಾಡಿಫೈಯರಿನಲ್ಲಿ 2 ಎಂದು ಬರೆದು ಎದ್ದುಹೋಗಿದ್ದಾನೆ ಎಂದೇ ಅರ್ಥ.