‘ಬರಿದಳು’ ಎಂದು ಬರೆದವರ ಲೆಕ್ಕ

ಕನ್ನಡ ಕಲಿಯುವವರ ಅಭ್ಯಾಸದ ಹಾಳೆಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಎಡಕ್ಕೆ ನಾನು, ನಾವು, ನೀನು, ನೀವು, ಅವನು, ಅವಳು, ಅವರು, ಅದು, ಅವು. ಮೇಲೆ ಭೂತ, ವರ್ತಮಾನ, ಭವಿಷ್ಯತ್. ಒಟ್ಟು 27 ಖಾನೆಗಳು. ಹಿಂದಿ ಬಲ್ಲವಳೊಬ್ಬಳು ಇದನ್ನು ನೋಡಿದ ಕೂಡಲೇ ‘ನಾನು’ ಸಾಲಿನಲ್ಲಿ ಹೆಣ್ಣಿಗೆ ಬೇರೆ ರೂಪ ಯಾವುದು ಎಂದು ಕೇಳುತ್ತಾಳೆ. ಕನ್ನಡದಲ್ಲಿ ಅದಿಲ್ಲ. ಕ್ರಿಯಾಪದ ಗಂಡು ಹೆಣ್ಣನ್ನು ಬೇರೆ ಮಾಡುವುದು ‘ಅವನು’, ‘ಅವಳು’ ಸಾಲುಗಳಲ್ಲಿ ಮಾತ್ರ. ‘ಅವರು’ ಎಂದಾಗ ಆ ಭೇದವೂ ಅಳಿಯುತ್ತದೆ.

‘ಬರು’ ಧಾತು ಕೊಟ್ಟು ತುಂಬಿಸಿ ನೋಡಿ. ವರ್ತಮಾನದಲ್ಲಿ ಕೈ ತಡೆಯುವುದಿಲ್ಲ: ಬರುತ್ತೇನೆ, ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ. ಭವಿಷ್ಯತ್ತಿನಲ್ಲೂ ಅಷ್ಟೇ: ಬರುವೆನು, ಬರುವನು, ಬರುವಳು. ಭೂತಕಾಲಕ್ಕೆ ಬಂದಾಗ ‘ಬರಿದನು, ಬರಿದಳು’ ಎಂಬ ಉತ್ತರ ಬರುತ್ತದೆ. ಇದು ಅಜಾಗರೂಕತೆಯಲ್ಲ. ಮಾಡು ಮಾಡಿದಳು, ಓದು ಓದಿದಳು ಆಗುವುದನ್ನು ಕಂಡವರು ನ್ಯಾಯವಾಗಿಯೇ ಹಾಗೆ ಬರೆಯುತ್ತಾರೆ. ಆದರೆ ನಾವು ದಿನವೂ ಆಡುವ ಹಲವು ಧಾತುಗಳು ಭೂತಕಾಲದಲ್ಲಿ ಬುಡವನ್ನೇ ಬದಲಿಸುತ್ತವೆ. ಬರು ‘ಬಂದ’, ಕೊಡು ‘ಕೊಟ್ಟ’, ನಗು ‘ನಕ್ಕ’, ಹೋಗು ‘ಹೋದ’.

ಹಾಗೆಂದು ಭೂತಕಾಲದ ಒಂಬತ್ತು ರೂಪಗಳನ್ನೂ ಬಾಯಿಪಾಠ ಮಾಡಬೇಕಿಲ್ಲ. ಭವಿಷ್ಯತ್ತಿನ ಸಾಲನ್ನು ಪಕ್ಕದಲ್ಲಿಟ್ಟುಕೊಂಡು ‘ಬರುವ’ ಇದ್ದ ಕಡೆ ‘ಬಂದ’ ಇಟ್ಟರೆ ಸಾಕು. ಬರುವೆನು ಬಂದೆನು, ಬರುವೆವು ಬಂದೆವು, ಬರುವಿರಿ ಬಂದಿರಿ, ಬರುವಳು ಬಂದಳು, ಬರುವರು ಬಂದರು. ಕೊನೆಯ ಪ್ರತ್ಯಯ ಎರಡರಲ್ಲೂ ಒಂದೇ. ಮಾತಿನಲ್ಲಿ ನಾವು ‘ನಾಳೆ ಬರುವೆನು’ ಎನ್ನುವುದಿಲ್ಲ, ‘ನಾಳೆ ಬರ್ತೀನಿ’ ಎನ್ನುತ್ತೇವೆ, ನಿಜ. ಆದರೂ ಈ ಹೋಲಿಕೆಯ ಸಲುವಾಗಿಯೇ ಹಾಳೆಯಲ್ಲಿ ಭವಿಷ್ಯತ್ ಇರಬೇಕು ಎನ್ನುವವನು ನಾನು. ಧಾತುವಿನ ಜೊತೆಗೆ ‘ಬಂದ ಹುಡುಗಿ’, ‘ಕೊಟ್ಟ ಮಾತು’ ಎಂಬಂಥ ಒಂದು ಜೋಡಿಯನ್ನೂ ಅಚ್ಚು ಹಾಕಿದರೆ ಬದಲಾದ ಬುಡ ಕಲಿಯುವವರ ಕಣ್ಣೆದುರೇ ಇರುತ್ತದೆ.

ಈ ಉಪಾಯ ‘ಅದು’ ಸಾಲಿನಲ್ಲಿ ಮಾತ್ರ ನಿಲ್ಲುತ್ತದೆ. ‘ಬರುವುದು’ ನೋಡಿ ‘ಬಂದುದು’ ಎಂದು ಬರೆದರೆ ಅದು ಕ್ರಿಯಾಪದವಾಗದೆ ‘ಬಂದಂಥದ್ದು’ ಎಂಬ ಅರ್ಥ ಕೊಡುತ್ತದೆ. ಇಲ್ಲಿ ‘ಇತು’ ಬೇಕು: ಬಂದಿತು, ಕೊಟ್ಟಿತು, ನಕ್ಕಿತು. ‘ಬಂದಿತು’ ಆಡುಮಾತಿನಲ್ಲಿ ‘ಬಂತು’ ಆಗುತ್ತದೆ, ಬರವಣಿಗೆಯಲ್ಲಿ ಎರಡೂ ಸರಿ. ಹೋಗು ಮತ್ತು ಆಗು ಇದಕ್ಕೂ ಒಗ್ಗುವುದಿಲ್ಲ. ‘ಹೋದಿತು’, ‘ಆದಿತು’ ಎಂದು ತುಂಬಿದ ಹಾಳೆ ಕಂಡರೆ ಅಲ್ಲಿ ‘ಹೋಯಿತು’, ‘ಆಯಿತು’ ಎಂದು ತಿದ್ದಿ, ಈ ಎರಡನ್ನು ಹಾಗೆಯೇ ನೆನಪಿಡಲು ಹೇಳಬೇಕು. ಕೆಳಗಿನ ‘ಅವು’ ಸಾಲಿಗೆ ಇಳಿದರೆ ಬಂದವು, ಹೋದವು, ಆದವು ಎಂದು ಬುಡ ಮತ್ತೆ ಸಿಗುತ್ತದೆ.